ನೂರಾ ಮೂವತ್ತೊಂದು ಸಿಗಲಿಲ್ಲ

ಈ ಜನವರಿಯಲ್ಲಿ ಹಾಸನದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೊರಗಿನ ಪರೀಕ್ಷಕಳಾಗಿ ಹೋಗಿದ್ದೆ. ಹನ್ನೊಂದು ವರ್ಷದ ಹಿಂದೆ ನಾನೇ ಓದಿದ ಲ್ಯಾಬು ಅದು. ಬಸ್‌ಸ್ಟ್ಯಾಂಡಿನಿಂದ ನಡೆದು ಬರುವ ದಾರಿಯುದ್ದಕ್ಕೂ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಅದರ ಸೊಗಡು ನನ್ನ ಕೈಚೀಲಕ್ಕೂ ಹತ್ತಿಕೊಂಡು ಒಳಗೆ ಬಂತು. ಲ್ಯಾಬಿನ ಕಿಟಕಿಗೆ ಈಗ ಹೊಸ ಪರದೆ, ಯಂತ್ರಗಳೂ ಹೊಸವು. ಚಪ್ಪಲಿ ಮಾತ್ರ ಆಗಿನಂತೆಯೇ ಬಾಗಿಲ ಹೊರಗೆ.

ಆ ಬೆಳಿಗ್ಗೆ ಏಳನೆಯವಳಾಗಿ ಬಂದದ್ದು ಚಂದನ, ಕಟ್ಟಾಯದ ಕಡೆಯ ಹುಡುಗಿ. ರೆಕಾರ್ಡ್ ಪುಸ್ತಕದ ಕೊನೆಯಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ಬರೆದ ಒಂದು ಪ್ರೋಗ್ರಾಂ ಸೇರಿಸಬೇಕು, ವೈವಾದಲ್ಲಿ ಅದನ್ನು ವಿವರಿಸಬೇಕು. ಅಲ್ಲಿನ ಹಳೆಯ ಪದ್ಧತಿ. ಚಂದನಳ ಹಾಳೆ ತೆರೆದೆ. ಒಂದು ಪಟ್ಟಿಯಲ್ಲಿ ಬೇಕಾದ ಸಂಖ್ಯೆ ಇದೆಯೇ ಎಂದು ಹುಡುಕುವ ಪ್ರೋಗ್ರಾಂ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಮೂರು ಕನ್ನಡ ಹೆಸರುಗಳಿದ್ದವು: ಮೊದಲು, ಕೊನೆ, ನಡು. ಅವುಗಳ ಮೇಲಿನ ಸಾಲಿನಲ್ಲಿ ಒಂಬತ್ತು ಸಂಖ್ಯೆಗಳು. 118, 96, 131, 104, 127, 112, 140, 99, 123.

"ಈ ನಂಬರುಗಳು ಎಲ್ಲಿಂದ ಬಂದವು?" ಎಂದೆ.

"ಸುಮ್ನೆ ಹಾಕಿದ್ದು ಮೇಡಂ. ಅಂದಾಜಲ್ಲಿ."

ಅಂದಾಜಲ್ಲ. ಅವು ರಾಮನಾಥಪುರದ ಹತ್ತಿರದ ನಮ್ಮ ಮನೆಯಲ್ಲಿ ಒಂದು ವರ್ಷ ಕಟ್ಟಿದ ಹೊಗೆಸೊಪ್ಪಿನ ಬೇಲುಗಳ, ಅಂದರೆ ಮಾರಲು ಕಟ್ಟಿದ ದೊಡ್ಡ ಹೊರೆಗಳ, ಕಿಲೋ ತೂಕ. ತಕ್ಕಡಿಯ ಮುಂದೆ ಬಗ್ಗಿ ನೋಡಿ ಅಪ್ಪ ಕೂಗಿದ ಕ್ರಮದಲ್ಲೇ ಇದ್ದವು.

ಊಟದ ಹೊತ್ತಾಗಿತ್ತು. "ಊಟ ಮಾಡ್ಕೊಂಡು ಬಾ, ನಿಂದು ಆಮೇಲೆ ನೋಡ್ತೀನಿ" ಎಂದು ಚಂದನಳನ್ನು ಕಳಿಸಿ, ಪುಸ್ತಕವನ್ನು ಮುಂದಿಟ್ಟುಕೊಂಡು ಕೂತೆ.

ಆ ತೂಕಗಳು ಈ ಪ್ರೋಗ್ರಾಮಿನೊಳಗೆ ಹೋದ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನನ್ನ ಪಾಠದಲ್ಲಿ ಈ ಪ್ರೋಗ್ರಾಂ ಬಂದಾಗಲೆಲ್ಲ ಹೇಳುತ್ತೇನೆ. ಹೇಳಿ ಹೇಳಿ ಅದು ನಯವಾಗಿಬಿಟ್ಟಿದೆ, ಮೂಲೆಗಳೆಲ್ಲ ಸವೆದಿವೆ. ನಯವಾದ ಕಥೆಯ ಮೇಲೆ ನನಗೆ ನಂಬಿಕೆ ಕಡಿಮೆ. ನನ್ನದೇ ಆದರಂತೂ ಇನ್ನೂ ಕಡಿಮೆ. ಆದ್ದರಿಂದ ಇಲ್ಲಿ ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯುತ್ತೇನೆ.

ನಾಗರತ್ನ ನನ್ನ ಲ್ಯಾಬಿನ ಜೊತೆಗಾತಿ. ಇಬ್ಬರಿಗೊಂದು ಯಂತ್ರ, ಹಾಜರಿ ಪುಸ್ತಕದ ಸಾಲಿನಂತೆ. ನಾಗರತ್ನ, ನಂದಿನಿ. ಅವಳ ಊರು ಚನ್ನರಾಯಪಟ್ಟಣದ ಆಚೆ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಇಲಾಖೆಯ ಹಾಸ್ಟೆಲಿನಲ್ಲಿದ್ದಳು. ಫೇಲಾದರೆ ಅಲ್ಲಿ ಮುಂದಿನ ವರ್ಷ ಜಾಗ ಇಲ್ಲ. ಜಾಗ ಇಲ್ಲದಿದ್ದರೆ ಓದೂ ಇಲ್ಲ. ಇದನ್ನು ಅವಳು ದುಃಖದಿಂದ ಹೇಳಿದ್ದಲ್ಲ. ಹಾಸ್ಟೆಲಿನ ಊಟದ ಸಮಯ ಹೇಳಿದ ಹಾಗೆ ಹೇಳಿದ್ದಳು.

ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಯಾರಾದರೂ ಮಾತಾಡಿಸಿದರೆ ಮಾತ್ರ ನಾಲಿಗೆ ನಿಂತುಬಿಡುತ್ತಿತ್ತು. ಆದರೆ ಯಂತ್ರದ ಮುಂದೆ ಕೂತರೆ ಅವಳ ಕೈ ಹೋಗುವ ರೀತಿಯೇ ಬೇರೆ. ಪುಸ್ತಕದಲ್ಲಿ ಇಂಗ್ಲಿಷ್ ಹೆಸರಿದ್ದ ಕಡೆಯೆಲ್ಲ ಅವಳು ತನ್ನ ಹೆಸರುಗಳನ್ನು ಇಡುತ್ತಿದ್ದಳು. ಯಂತ್ರಕ್ಕೆ ಹೆಸರು ಯಾವುದಾದರೇನು, ಎಲ್ಲ ಕಡೆ ಒಂದೇ ಇದ್ದರೆ ಸಾಕು.

"ನಡು ಅಂದ್ರೆ ನಂಗೆ ಕಣ್ಮುಂದೆ ಬತ್ತದೆ ಕಣೆ. ಅವರಿಟ್ಟಿರೋ ಎಸ್ರು ಬರಾಕಿಲ್ಲ" ಎನ್ನುತ್ತಿದ್ದಳು.

ನನಗೆ ಇಂಗ್ಲಿಷ್ ಬರುತ್ತಿತ್ತು. ಹೊಳೆನರಸೀಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಯಲ್ಲಿ ಓದಿದ್ದೆ. ಏನು ಕೇಳಿದರೂ ಎರಡು ವಾಕ್ಯ ಹೇಳಬಲ್ಲೆ. ಆ ಎರಡು ವಾಕ್ಯದ ಹಿಂದೆ ಏನಾದರೂ ಇದೆಯೇ ಎಂದು ಅದುವರೆಗೂ ಯಾರೂ ಇಣುಕಿರಲಿಲ್ಲ.

ಆ ವರ್ಷ ಪ್ರೋಗ್ರಾಂ ಬರೆಯಬೇಕಾಗಿದ್ದ ಹದಿನೈದು ದಿನ ನಾನು ಊರಿನಲ್ಲಿದ್ದೆ. ಬ್ಯಾರನ್ ಎನ್ನುವ ಬೆಂಕಿಗೂಡಿನ ಮನೆಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪು ಮನೆ ತುಂಬ ಬಿದ್ದಿತ್ತು. ವಿಂಗಡಿಸುವ ಕೈ ಸಾಲದೆ ಅಪ್ಪ ಫೋನು ಮಾಡಿ ಕರೆಸಿಕೊಂಡಿದ್ದ. ಬೆಳಗಿನ ಮಂಜಿನ ತೇವಕ್ಕೆ ಎಲೆ ಮೆತ್ತಗಿರುವಾಗಲೇ ಹಜಾರದಲ್ಲಿ ಕೂರುತ್ತಿದ್ದೆವು. ತುಂಬು ಹಳದಿ ಒಂದು ಗುಡ್ಡೆ, ಕಿತ್ತಳೆ ಬಣ್ಣದ್ದು ಒಂದು, ಚುಕ್ಕೆ ಬಿದ್ದದ್ದು ಬೇರೆ, ಹಸಿರು ಉಳಿದದ್ದು ಬೇರೆ. ಅಮ್ಮ ಮಾತಾಡುತ್ತಲೇ ಎಲೆ ಎಸೆದರೂ ಗುಡ್ಡೆ ತಪ್ಪುತ್ತಿರಲಿಲ್ಲ. ನಾನು ತಪ್ಪಿದರೆ ಅವಳಿಗೆ ಹೇಗೋ ತಿಳಿಯುತ್ತಿತ್ತು.

"ಅದು ಅಲ್ಲಿಗಲ್ಲ ಕಣಮ್ಮಿ. ಕಾಲೇಜ್ನಲ್ಲಿ ಇದ್ನೇ ಏನೇ ಏಳ್ಕೊಟ್ಟಿರೋದು ನಿಂಗೆ?"

ಕೊನೆಯ ದಿನ ಬೇಲುಗಳನ್ನು ತೂಗಿದರು. ಬರೆದುಕೊಳ್ಳಲು ಏನೂ ಸಿಗದೆ ನಾನು ಲ್ಯಾಬಿನ ನೋಟ್‌ಪುಸ್ತಕದ ಹಿಂದಿನ ಹಾಳೆ ತೆರೆದೆ. ಅಪ್ಪ ಕೂಗುತ್ತಾ ಹೋದ. "ನೂರಾ ಅದಿನೆಂಟು. ಬರ್ಕಂಡ್ಯಾ? ತೊಂಬತ್ತಾರು. ಇದ್ಯಾಕೆ ಇಂಗೆ ಆಯ್ತು, ಇರ್ಲಿ ಬರ್ಕೋ. ನೂರಾ ಮೂವತ್ತೊಂದು, ನೋಡು, ಇದು ಬೇಲು ಅಂದ್ರೆ!" ಮೂರನೆಯ ಬೇಲನ್ನು ಮಾತ್ರ ಅವನು ಅಂಗೈಯಿಂದ ಒಂದು ಸಲ ತಟ್ಟಿದ. ಇದು ನನಗೆ ನಿಜವಾಗಿಯೂ ನೆನಪಿದೆಯೋ ಅಥವಾ ಆಮೇಲೆ ನಡೆದದ್ದರಿಂದ ಅದಕ್ಕೊಂದು ತಟ್ಟು ಬಿದ್ದಿದೆಯೋ ಹೇಳಲಾರೆ.

ಮಾರನೆಯ ದಿನ ಅರಕಲಗೂಡಿನ ಮೇಲಿನ ಬಸ್ಸಿನಲ್ಲಿ ಹಾಸನಕ್ಕೆ ಬಂದೆ. ತಲೆಗೂದಲು, ಶಾಲು, ಪುಸ್ತಕ ಎಲ್ಲ ಹೊಗೆಸೊಪ್ಪಿನ ವಾಸನೆ. ಪ್ರೋಗ್ರಾಂ ಒಪ್ಪಿಸಲು ಇನ್ನು ಎರಡೇ ದಿನ. ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ನಾಗರತ್ನ ತನ್ನ ಪೆನ್‌ಡ್ರೈವ್ ತೆಗೆದುಕೊಟ್ಟಳು.

"ಮೊದ್ಲು ಕೂತ್ಕಂಡು ನೋಡು. ಎಂಗೆ ಓಯ್ತದೆ ಅಂತ ತಿಳ್ಕೊ. ಆಮ್ಯಾಕೆ ಮುಚ್ಚಿಟ್ಟು ನೀನೇ ಬರಿ. ಅಂಗಂಗೇ ಆಕ್ಬ್ಯಾಡ ಮತ್ತೆ."

"ಇಲ್ಲ ಕಣೆ, ನೋಡ್ಕೊಳ್ಳಕ್ಕೆ ಅಷ್ಟೆ" ಎಂದೆ. ಆ ಕ್ಷಣ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಅವಳ ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟು. ಸಂಖ್ಯೆಗಳ ಪಟ್ಟಿಯನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತಾ ಹೋಗುವುದಿಲ್ಲ. ನೇರ ನಡುವಿನದನ್ನು ನೋಡುತ್ತದೆ. ಬೇಕಾದ್ದು ಅದೇ ಆದರೆ ಅಲ್ಲಿಗೆ ಮುಗಿಯಿತು. ಬೇಕಾದ್ದು ಅದಕ್ಕಿಂತ ದೊಡ್ಡದಾದರೆ ನಡುವನ್ನೂ ಅದರ ಎಡಕ್ಕಿರುವುದನ್ನೂ ಒಟ್ಟಿಗೆ ಬಿಟ್ಟು, ಬಲಭಾಗದಲ್ಲಿ ಮತ್ತೆ ನಡು ಹಿಡಿಯುತ್ತದೆ. ಚಿಕ್ಕದಾದರೆ ಬಲವನ್ನು ಬಿಡುತ್ತದೆ. ಹೀಗೆ ಅರ್ಧರ್ಧ ಬಿಡುತ್ತಾ, ಮೊದಲು ಎನ್ನುವುದು ಕೊನೆಯನ್ನು ದಾಟಿದರೆ, ಅಂದರೆ ನೋಡಲು ಏನೂ ಉಳಿಯದಿದ್ದರೆ, ಸಿಗಲಿಲ್ಲ ಎನ್ನುತ್ತದೆ. ಒಂಬತ್ತು ಸಂಖ್ಯೆಗಳಿದ್ದರೆ ಹೆಚ್ಚೆಂದರೆ ನಾಲ್ಕು ನೋಟ. ಸಾವಿರವಿದ್ದರೆ ಹತ್ತು.

ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಇಷ್ಟು ನೋಡಲಿಲ್ಲ. ಆಗ ನೋಡಿದ್ದು, ಇದು ನಾಗರತ್ನನದೆಂದು ಗೊತ್ತಾಗದಂತೆ ಮಾಡುವುದು ಹೇಗೆ ಎಂದು ಮಾತ್ರ. ಹೆಸರುಗಳಿಂದ ಶುರುಮಾಡಿದೆ. ನಡು ಎಂದಿದ್ದನ್ನು ಒಂದು ಕಡೆ ಬದಲಾಯಿಸಿದೆ. ಆ ಹೆಸರಿನದು ಯಾವುದೂ ಇಲ್ಲಿಲ್ಲ ಎಂದು ನೀಲಿ ಪರದೆಯ ಮೇಲೆ ತಪ್ಪುಗಳ ಸಾಲು ಬಂತು. ಹೆದರಿ ಮೊದಲಿನಂತೆಯೇ ಮಾಡಿದೆ. ಆಮೇಲೆ ಅವಳು ಅಲ್ಲಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳನ್ನು ಅಳಿಸಿದೆ. ಎರಡು ಗೀರು ಎಳೆದು ಬರೆದ ಟಿಪ್ಪಣಿಯನ್ನು ಯಂತ್ರ ಓದುವುದಿಲ್ಲ, ಅದು ಓದುವ ಮನುಷ್ಯರಿಗೆ. ತೆಗೆದರೆ ಯಾವ ತಪ್ಪೂ ತೋರಿಸಲಿಲ್ಲ. ಕೊನೆಗೆ ಅವಳ ಸಂಖ್ಯೆಗಳನ್ನು ತೆಗೆದು, ನೋಟ್‌ಪುಸ್ತಕದ ಹಿಂದಿನ ಹಾಳೆಯಿಂದ ನಮ್ಮ ಒಂಬತ್ತು ಬೇಲುಗಳ ತೂಕ ತುಂಬಿದೆ.

ಓಡಿಸಿ ನೋಡಿದೆ. ಎಲ್ಲಕ್ಕಿಂತ ಹೆಚ್ಚಿನ ತೂಕ 140, ಸಿಕ್ಕಿತು. ಎಲ್ಲಕ್ಕಿಂತ ಕಡಿಮೆಯದು 96, ಅದೂ ಸಿಕ್ಕಿತು. ಈ ತುದಿ ಆ ತುದಿ ಎರಡೂ ಸರಿ ಇದ್ದಮೇಲೆ ನಡುವಿನವೂ ಸರಿಯೇ ಎಂದುಕೊಂಡು ಮುದ್ರಿಸಿ, ಅಂಟಿಸಿ, ಸಹಿ ಹಾಕಿಸಿದೆ.

ನಾನು ಅಳಿಸಿದ ಟಿಪ್ಪಣಿಗಳಲ್ಲಿ ಮೊದಲನೆಯದು ಹೀಗಿತ್ತು: ನಂಬರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಕೊಟ್ಟರೆ ಮಾತ್ರ.

ಪರೀಕ್ಷೆಯ ದಿನ ಚಳಿ ಇತ್ತು. ಮೋಡವೂ ಇತ್ತು ಎಂದು ಹೇಳುವ ಅಭ್ಯಾಸವಾಗಿದೆ, ಇದ್ದಿರಲಾರದು. ಹಾಜರಿ ಪುಸ್ತಕವನ್ನು ಎರಡು ತಂಡ ಮಾಡಿದ್ದರು. ಬೆಳಗಿನ ತಂಡದ ಕೊನೆಯ ಹೆಸರು ನಾಗರತ್ನ, ಮಧ್ಯಾಹ್ನದ ತಂಡದ ಮೊದಲ ಹೆಸರು ನಂದಿನಿ. ನಾನು ಹೋಗುವ ಹೊತ್ತಿಗೆ ಅವಳು ನಲ್ಲಿಯ ಹತ್ತಿರದ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದಳು. ಊಟ ಮುಟ್ಟಿರಲಿಲ್ಲ.

"ಎಂಗಾಯ್ತೆ?"

"ಬಾಯೇ ಬರ್ನಿಲ್ಲ ಕಣೆ. ಎಲ್ಲ ಇಂಗ್ಲೀಸ್ನಲ್ಲೇ ಕೇಳುದ್ರು. ಊರು ಕೇಳುದ್ರು, ಮನೇಲಿ ಏನ್ ಮಾಡ್ತಾರೆ ಅಂತ ಕೇಳುದ್ರು, ಅದಕ್ಕೆ ಏಳ್ದೆ. ಪ್ರೋಗ್ರಾಂ ಕೇಳ್ದಾಗ ನಡು ಅಂದೆ, ಅಷ್ಟೆ. ಎಲ್ಲ ತಲೆವೊಳ್ಗೇ ಸುತ್ತುತಿತ್ತು." ಡಬ್ಬಿಯ ಮುಚ್ಚಳ ಮುಚ್ಚಿದಳು. "ಅವರು ನನ್ ಪುಸ್ತಕದ ಮೇಲೆ ಪೆನ್ಸಿಲ್ನಲ್ಲಿ ಏನೋ ಗುರ್ತು ಆಕುದ್ರು."

ಪರೀಕ್ಷಕರು ಮೈಸೂರಿನ ಕಡೆಯಿಂದ ಬೆಳಗಿನ ರೈಲಿಗೆ ಬಂದವರು. ವಯಸ್ಸಾದವರು, ಸಮಾಧಾನದವರು. ಅವರು ಕೆಟ್ಟವರಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ನನ್ನ ಪ್ರೋಗ್ರಾಂ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದರು. ಪುಸ್ತಕದಲ್ಲಿದ್ದದ್ದನ್ನು ಬಾಯಿಪಾಠ ಮಾಡಿದ್ದೆ. ಪ್ರತಿ ಸಲ ಪಟ್ಟಿಯನ್ನು ಅರ್ಧ ಮಾಡುತ್ತದೆ, ಆದ್ದರಿಂದ ವೇಗ ಹೆಚ್ಚು ಎಂದೆಲ್ಲ ತಡವರಿಸದೆ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಪಕ್ಕದ ಕಟ್ಟಿನಿಂದ ಇನ್ನೊಂದು ರೆಕಾರ್ಡ್ ಎಳೆದು ನನ್ನದರ ಪಕ್ಕ ಬಿಡಿಸಿಟ್ಟರು. ಅಲ್ಲೂ ಮೊದಲು, ಕೊನೆ, ನಡು.

ಈಗ ಕನ್ನಡಕ್ಕೆ ಬಂದರು. "ಬೆಳಿಗ್ಗೆ ಒಬ್ಬಳು ಬಂದಿದ್ದಳು. ಒಂದು ಮಾತೂ ಆಡಲಿಲ್ಲ. ಎರಡು ಪುಸ್ತಕವೂ ಒಂದೇ ಇದೆಯಲ್ಲಮ್ಮ. ನಿಮ್ಮದನ್ನ ನೋಡಿ ಬರ್ಕೊಂಡಿದಾಳಾ?"

ನಕಲು ಎಂದಾದರೆ ರೆಕಾರ್ಡಿಗೆ ಸೊನ್ನೆ. ವೈವಾದಲ್ಲಿ ಬಾಯಿ ಬಿಡದವಳಿಗೆ ರೆಕಾರ್ಡೂ ಸೊನ್ನೆಯಾದರೆ ಫೇಲು. ಫೇಲಾದರೆ ಹಾಸ್ಟೆಲು, ಹಾಸ್ಟೆಲಿನ ಮೇಲೆ ಓದು. ನನಗೆ ಈ ಸರಪಳಿ ಪೂರ್ತಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾವ ಆವೃತ್ತಿಯಲ್ಲೂ ನಾನು ಹೇಳಿಲ್ಲ.

ತರಗತಿಯಲ್ಲಿ ನಾನು ಹೇಳುವ ಕಥೆ ಹೀಗಿದೆ. ನಾನು ಎದ್ದು ನಿಂತೆ. "ಇಲ್ಲ ಸಾರ್, ಪ್ರೋಗ್ರಾಂ ಅವಳದು. ನಾನು ತಗೊಂಡಿದ್ದು" ಎಂದೆ. ಅವರು ನಾಗರತ್ನನನ್ನು ಕರೆಸಿದರು. ಆಮೇಲೆ ನಾನು ನಮ್ಮ ಮನೆಯ ಹೊಗೆಸೊಪ್ಪಿನ ಗುಡ್ಡೆಗಳ ಉದಾಹರಣೆ ಕೊಟ್ಟು, ವಿಂಗಡಿಸದೆ ಹುಡುಕಲಾಗದು ಎಂದು ವಿವರಿಸಿದೆ. ಮಕ್ಕಳಿಗೆ ಈ ಕಥೆ ಇಷ್ಟ. ಪ್ರಾಮಾಣಿಕತೆಯೂ ಇದೆ, ಪಾಠವೂ ಇದೆ.

ಹೊಗೆಸೊಪ್ಪಿನ ಉದಾಹರಣೆ ಸುಳ್ಳು. ಅದು ಹೊಳೆದದ್ದು ವರ್ಷಗಳ ಮೇಲೆ, ಪಾಠದ ಟಿಪ್ಪಣಿ ಬರೆಯುವಾಗ. ಹದಿನೈದು ದಿನ ಎಲೆ ವಿಂಗಡಿಸಿ ಬಂದ ಕೈಯಲ್ಲೇ ಆ ಒಂಬತ್ತು ಸಂಖ್ಯೆಗಳನ್ನು ಹೇಗೆ ಬಂದವೋ ಹಾಗೇ ಸುರಿದವಳು ನಾನು. ಎದ್ದು ನಿಂತದ್ದು? ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಖಚಿತವಾಗಿ ಗೊತ್ತಿರುವುದು ಇದು. ಅವರು ಕೀಲಿಮಣೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಒಂದು ನಂಬರ್ ಹುಡುಕೋಣ" ಎಂದು 131 ಒತ್ತಿದರು. ಸಿಗಲಿಲ್ಲ ಎಂದು ಬಂತು.

"ಇದೆಯಲ್ಲಮ್ಮ, ಇಲ್ಲೇ ಮೂರನೆಯದು."

ಮತ್ತೆ ಒತ್ತಿದರು. ಸಿಗಲಿಲ್ಲ. 118 ಒತ್ತಿದರು, ಪಟ್ಟಿಯ ಮೊದಲನೆಯದೇ ಅದು. ಸಿಗಲಿಲ್ಲ. 127 ಒತ್ತಿದರು; ಸಿಕ್ಕಿತು. ಅವರಿಗೆ ಕಾರಣ ಆಗಲೇ ಗೊತ್ತಾಗಿತ್ತು ಎಂದು ಈಗ ತಿಳಿಯುತ್ತದೆ. ನನ್ನ ಕಡೆ ತಿರುಗಿ, "ಯಾಕೆ?" ಎಂದರು.

ನನ್ನ ಎರಡು ಇಂಗ್ಲಿಷ್ ವಾಕ್ಯಗಳು ಮುಗಿದಿದ್ದವು. ಯಂತ್ರ ಹಳೆಯದು ಎಂದೆ. ವೈರಸ್ ಇರಬಹುದು ಎಂದೂ ಹೇಳಿದೆ, ಇದನ್ನು ಮಾತ್ರ ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ. ಅವರು ನಗಲಿಲ್ಲ. ಅಟೆಂಡರ್‌ಗೆ ನಾಗರತ್ನನ ರೆಕಾರ್ಡ್ ತೋರಿಸಿ, "ಈ ಹುಡುಗಿ ಇದ್ದರೆ ಕರೀರಿ" ಎಂದರು.

ಅವಳು ಒದ್ದೆ ಕೈಯಲ್ಲೇ ಬಂದಳು. ಪರದೆಯ ಮೇಲಿನ ಒಂಬತ್ತು ಸಂಖ್ಯೆ ನೋಡಿದಳು. ನನ್ನನ್ನು ನೋಡಲಿಲ್ಲ.

"ಇದರಲ್ಲಿ ನೂರಾ ಮೂವತ್ತೊಂದು ಯಾಕೆ ಸಿಗ್ತಿಲ್ಲ? ಕನ್ನಡದಲ್ಲೇ ಹೇಳಮ್ಮ" ಎಂದರು.

ಅವಳು ಒರಟು ಹಾಳೆ ತಗೊಂಡು ಒಂಬತ್ತು ಮನೆ ಎಳೆದು, ಸಂಖ್ಯೆಗಳನ್ನು ಬರೆದಳು. ಐದನೆಯ ಮನೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ನಡು ಸಾ. ನೂರಾ ಇಪ್ಪತ್ತೇಳು. ನಮ್ಗೆ ಬೇಕಾದ್ದು ಅದ್ಕಿಂತ ದೊಡ್ದು. ದೊಡ್ದು ಬಲ್ಗಡೆ ತಾನೆ ಇರ್ಬೇಕು ಅಂತ ಇದು ಎಡ್ಗಡೆದ್ನೆಲ್ಲ ಬುಟ್ಬುಡ್ತದೆ." ಐದು ಮನೆಗಳ ಮೇಲೆ ಎಡ ಅಂಗೈ ಮುಚ್ಚಿದಳು. "ಈಗ ಇರೋದು ನಾಕು. ಇದ್ರಲ್ಲಿ ನಡು ನೂರಾ ನಲ್ವತ್ತು. ನಮ್ದು ಅದ್ಕಿಂತ ಚಿಕ್ದು. ಬಲ್ಗಡೆದು ಬುಟ್ಬುಡ್ತದೆ." ಬಲಗೈ ಮುಚ್ಚಿತು. ಎರಡು ಕೈಗಳ ನಡುವೆ ಒಂದೇ ಮನೆ ಉಳಿಯಿತು. "ಇದು ನೂರಾ ಅನ್ನೆಲ್ಡು. ನಮ್ದಲ್ಲ. ಇನ್ನೇನೂ ಉಳೀನಿಲ್ಲ. ಅದ್ಕೆ ಸಿಗ್ನಿಲ್ಲ ಅಂತದೆ."

"ಹಾಗಾದ್ರೆ ನೂರಾ ಮೂವತ್ತೊಂದು ಎಲ್ಲಿ ಹೋಯ್ತು?"

ಅವಳು ಎಡಗೈಯನ್ನು ಸ್ವಲ್ಪವೇ ಎತ್ತಿದಳು. "ಕೈ ಅಡೀಲೇ ಅದೆ ಸಾ. ಮೊದಲ್ನೇ ಸಲ್ಕೇ ಮುಚ್ಚೋಗದೆ. ಸಾಲಾಗಿ ಕೊಟ್ಟಿದ್ರೆ ಬುಟ್ಟುದ್ದು ನ್ಯಾಯ. ಸಾಲಾಗಿ ಕೊಡ್ದೆ ಬುಡು ಅಂದ್ರೆ, ಇರೋದ್ನೂ ಬುಟ್ಬುಡ್ತದೆ."

"ಪ್ರೋಗ್ರಾಂ ತಪ್ಪಾ?"

"ಪ್ರೋಗ್ರಾಂ ಸರ್ಯಾಗದೆ ಸಾ. ಕೊಟ್ಟಿರೋದು ತಪ್ಪು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳಿಗ್ಗೆ ಇದನ್ನ ಯಾಕಮ್ಮ ಹೇಳಲಿಲ್ಲ?"

"ನೀವು ಕನ್ನಡ್ದಲ್ಲಿ ಕೇಳ್ನಿಲ್ಲ ಸಾ."

ಅದು ಧೈರ್ಯದ ಮಾತಲ್ಲ, ಬರೀ ಉತ್ತರ. ಅವರು ರಬ್ಬರು ತಗೊಂಡು ಅವಳ ಪುಸ್ತಕದ ಮೇಲಿದ್ದ ಪೆನ್ಸಿಲ್ ಗುರುತನ್ನು ಅಳಿಸಿದರು. ನನ್ನ ಕಡೆ ಹಾಳೆ ನೂಕಿ, "ಈಗ ನೀವು ಇದನ್ನ ಸಾಲಾಗಿ ಬರೆದು ಹುಡುಕಿ ತೋರಿಸಿ" ಎಂದರು. ಬರೆದೆ. 96, 99, 104, 112, 118, 123, 127, 131, 140. ನಡು 118, ಎಡ ಬಿಟ್ಟೆ. ಉಳಿದ ನಾಲ್ಕರಲ್ಲಿ ನಡು 127, ಮತ್ತೆ ಎಡ ಬಿಟ್ಟೆ. ಉಳಿದ ಎರಡರಲ್ಲಿ ಮೊದಲನೆಯದೇ 131. ಮೂರನೆಯ ನೋಟಕ್ಕೆ ಸಿಕ್ಕಿತು. ಆ ಹೊತ್ತಿನಲ್ಲೂ ಅದು ಸಿಕ್ಕಿದ್ದಕ್ಕೆ ಒಂದು ಸಣ್ಣ ಖುಷಿಯಾಯಿತು. ನಾನು ಆ ಪ್ರೋಗ್ರಾಂ ಕಲಿತದ್ದು ಆಗಲೇ. ಆಮೇಲೆ ಪಾಠ ಹೇಳುವವಳೂ ಆದೆ.

ನನ್ನ ರೆಕಾರ್ಡಿಗೆ ಸೊನ್ನೆ ಬಿತ್ತು. ಉಳಿದದ್ದರಲ್ಲಿ ಹೇಗೋ ದಡ ಹತ್ತಿದೆ. ನಾಗರತ್ನ ಒಳ್ಳೆಯ ಅಂಕದಲ್ಲಿ ಪಾಸಾದಳು. ಈಗ ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ವರ್ಷಕ್ಕೆರಡು ಸಲ ಮಾತಾಡುತ್ತೇವೆ.

ಉಳಿದದ್ದು ಒಂದೇ ಪ್ರಶ್ನೆ. ಅವಳು ಒದ್ದೆ ಕೈಯಲ್ಲಿ ಒಳಗೆ ಬರುವ ಮುಂಚೆ ನಾನು "ಅವಳದು" ಎಂದಿದ್ದೆನೇ? ಆಮೇಲೆ ಅಂದೆನೇ? ಅವಳ ಎರಡು ಕೈಗಳು ನೆನಪಿವೆ, ರಬ್ಬರಿನ ಪುಡಿ ನೆನಪಿದೆ, ವೈರಸ್ ನೆನಪಿದೆ. ಯಾವುದು ಯಾವುದರ ಹಿಂದೆ ಬಂತೆಂದು ನಾನು ಇಲ್ಲಿ ಬರೆದ ಸಾಲು ನಾನು ಜೋಡಿಸಿಕೊಂಡದ್ದು. ಸಾಲಾಗಿಲ್ಲದ ನೆನಪಿನಲ್ಲಿ ಅಲ್ಲಿಂದ ಇಲ್ಲಿಗೆ ಜಿಗಿದು, ಅರ್ಧ ಬಿಟ್ಟು ಹುಡುಕಿದರೆ ಆ ಮಾತು ಸಿಗುವುದಿಲ್ಲ. ಒಂದೊಂದನ್ನೇ ಮುಟ್ಟಿ ನೋಡಬೇಕು, ಅಥವಾ ಅಲ್ಲಿದ್ದ ಇನ್ನೊಬ್ಬರನ್ನು ಕೇಳಬೇಕು. ಇಷ್ಟು ವರ್ಷ ಕೇಳಿರಲಿಲ್ಲ.

ಚಂದನಳ ಪುಸ್ತಕ ಮುಂದಿಟ್ಟುಕೊಂಡೇ ನಾಗರತ್ನನಿಗೆ ಫೋನು ಮಾಡಿದೆ. ಅವಳ ಶಾಲೆಯಲ್ಲೂ ಊಟದ ಹೊತ್ತು, ಹಿಂದೆ ಮಕ್ಕಳ ಗಲಾಟೆ.

"ಲೇ, ನಿನ್ನ ನಡು ಇನ್ನೂ ಬದುಕಿದೆ ಕಣೆ. ಇಲ್ಲೊಬ್ಬಳು ಹುಡುಗಿ ತಂದಿದಾಳೆ. ನನ್ನ ನಂಬರುಗಳ ಸಮೇತ. ಲ್ಯಾಬಿನ ಯಂತ್ರದಲ್ಲೇ ಉಳ್ಕೊಂಡು, ಕೈಯಿಂದ ಕೈಗೆ ಹೋಗ್ತಾ ಇದೆ ಅನ್ಸುತ್ತೆ."

ಅತ್ತ ಕಡೆ ಜೋರು ನಗು. "ಸಾಲಾಗಿ ಕೊಟ್ಟವ್ಳಾ?"

"ಇಲ್ಲ."

"ಅಯ್ಯೋ! ಅನ್ನೊಂದು ವರ್ಸ್ದಿಂದ ಒಬ್ರೂ ನೂರಾ ಮೂವತ್ತೊಂದ ಉಡುಕ್ನಿಲ್ವಾ?"

ನಾನೂ ನಕ್ಕೆ. ಆಮೇಲೆ ಕೇಳಿದೆ. "ನಾಗಿ, ಆವತ್ತು ಅವರು ನಿನ್ನ ಕರೆಸಿದರಲ್ಲ. ಪ್ರೋಗ್ರಾಂ ನಿಂದು ಅಂತ ನಾನು ಹೇಳಿದ್ದು ಅದಕ್ಕೆ ಮುಂಚೆನಾ, ಆಮೇಲಾ? ನಿಂಗೇನಾದ್ರೂ ನೆನಪಿದೆಯಾ?"

ಗಲಾಟೆ ಸ್ವಲ್ಪ ದೂರವಾಯಿತು. ಅವಳು ಎದ್ದು ಹೊರಗೆ ಬಂದಿರಬೇಕು.

"ನೀನು ಏಳ್ನಿಲ್ಲ ಕಣೆ."

"ಆಮೇಲೂ ಇಲ್ವಾ?"

"ಆಮ್ಯಾಕೂ ಇಲ್ಲ. ಆ ಸಾರು ಕೊನೇಲಿ, ಇದು ಯಾರ್ದು ಅಂತ ಇಬ್ರುನ್ನೂ ನೋಡ್ಕಂಡು ಕೇಳುದ್ರು. ನೀನು ನೆಲ ನೋಡ್ತಾ ನಿಂತಿದ್ದೆ. ನಾನೇ ಅಂದೆ, ನಂದು ಸಾ, ಕಲ್ತ್ಕಳ್ಳಿ ಅಂತ ನಾನೇ ಕೊಟ್ಟಿದ್ದು, ಫೇಲ್ ಮಾಡ್ಬ್ಯಾಡಿ ಅಂತ."

"ನಾನು ಎಲ್ಲರ ಹತ್ರ ಬೇರೆ ಥರ ಹೇಳ್ಕೊಂಡು ಬಂದಿದೀನಿ" ಎಂದೆ.

"ಗೊತ್ತು. ನನ್ ಮದ್ವೇಲಿ ನನ್ ಗಂಡನ್ ಮುಂದೇನೇ ಏಳ್ದಲ್ಲ."

"ಆಗ ಯಾಕೆ ಸುಮ್ಮನಿದ್ದೆ?"

"ಏನ್ ಮಾಡ್ಬೇಕಿತ್ತು? ಏಳ್ತಿದ್ದಾಗ ನಿನ್ ಮುಖ ಅಷ್ಟು ಚೆನ್ನಾಗಿತ್ತು. ಇರ್ಲಿ ಅಂತ ಬುಟ್ಟೆ." ಅವಳ ಶಾಲೆಯ ಗಂಟೆ ಹೊಡೆಯಿತು. "ಓಗು, ಆ ಮಗೀಗೆ ಕನ್ನಡ್ದಲ್ಲಿ ಕೇಳು. ನಂಗೆ ಎಂಟ್ನೇ ಕ್ಲಾಸಿದೆ."

ಅವಳ ನೆನಪೂ ನೆನಪೇ. ಅದೂ ಸವೆದಿರಬಹುದು, ಅದಕ್ಕೂ ತಟ್ಟು ಬಿದ್ದಿರಬಹುದು. ಆದರೆ ನನ್ನ ಕಥೆಯಲ್ಲಿ ನಾನು ಎದ್ದು ನಿಲ್ಲುತ್ತೇನೆ. ನಾನು ಕೂತಿದ್ದ ಕುರ್ಚಿ ಯಾವುದೆಂದು ಮಾತ್ರ ನನಗೆ ಒಮ್ಮೆಯೂ ಕಂಡಿಲ್ಲ. ನೆಲ ನೋಡುತ್ತಿದ್ದೆ ಎಂದು ಅವಳು ಅಂದ ಕೂಡಲೇ ಆ ಲ್ಯಾಬಿನ ನೆಲ ಕಂಡಿತು. ಬೂದು ಬಣ್ಣದ ಹಾಸು, ಒಂದು ಕಡೆ ಕಿತ್ತುಹೋಗಿ ಕೆಳಗಿನ ಸಿಮೆಂಟು ಕಾಣುತ್ತಿತ್ತು. ಅಷ್ಟು ಹೊತ್ತು ನೋಡದೆ ಅದು ನನಗೆ ಗೊತ್ತಿರುವುದು ಸಾಧ್ಯವಿಲ್ಲ.

ಊಟ ಮುಗಿಸಿ ಚಂದನ ಬಂದಳು.

"ನೂರಾ ಮೂವತ್ತೊಂದು ಹುಡುಕಮ್ಮ" ಎಂದೆ.

ಒತ್ತಿದಳು. ಸಿಗಲಿಲ್ಲ. ಮತ್ತೆ ಒತ್ತಿದಳು. ಯಂತ್ರದ ಕಡೆ ನೋಡಿದಳು, ನಾನು ಬಲ್ಲ ನೋಟ ಅದು. ಅವಳು ವೈರಸ್ ಅನ್ನುವ ಮುಂಚೆಯೇ ಹಾಳೆ ಕೊಟ್ಟೆ. ಒಂಬತ್ತು ಮನೆ ಎಳೆಸಿದೆ. ಬಿಟ್ಟ ಭಾಗದ ಮೇಲೆ ಕೈಯಿಡು ಎಂದೆ. ಎರಡನೆಯ ಕೈ ಮುಚ್ಚುವಷ್ಟರಲ್ಲಿ ಅವಳ ಮುಖದಲ್ಲಿ ಅದು ಬಂತು. ಎಡಗೈ ಎತ್ತಿ ಕೆಳಗೆ ನೋಡಿ, "ಅಯ್ಯೋ ಮೇಡಂ, ಇಲ್ಲೇ ಐತೆ!" ಎಂದಳು. ಆಮೇಲೆ ನಗು ನಿಂತು, ಧ್ವನಿ ಸಣ್ಣದಾಯಿತು. "ಮೇಡಂ, ಇದು ನಂದಲ್ಲ. ಸೀನಿಯರ್ ಒಬ್ಬರು ಕೊಟ್ಟಿದ್ದು. ಅವ್ರಿಗ್ಯಾರು ಕೊಟ್ರೋ ಗೊತ್ತಿಲ್ಲ."

ಕೇಳುವ ಮುಂಚೆಯೇ ಹೇಳಿದಳು.

ರೆಕಾರ್ಡಿನ ಕಾಲಮ್ಮಿನಲ್ಲಿ ಸೊನ್ನೆ ಬರೆದೆ, ಅದರಲ್ಲಿ ನನಗೆ ಆಯ್ಕೆ ಇರಲಿಲ್ಲ. ವೈವಾದ ಕಾಲಮ್ಮಿನಲ್ಲಿ ಕೊಡಬಹುದಾದಷ್ಟೂ ಕೊಟ್ಟೆ. ಅವಳು ಪುಸ್ತಕ ಎತ್ತಿಕೊಳ್ಳುವಾಗ ತಡೆದೆ.

"ಯಂತ್ರದಲ್ಲಿರೋ ಪ್ರೋಗ್ರಾಮಿನ ಮೊದಲನೇ ಸಾಲಿನ ಮೇಲೆ ಎರಡು ಗೀರು ಹಾಕಿ ಒಂದು ಟಿಪ್ಪಣಿ ಸೇರಿಸು. ನಂಬರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಕೊಟ್ಟರೆ ಮಾತ್ರ. ಅದರ ಕೆಳಗೆ, ಬರೆದವರು ನಾಗರತ್ನ."

ಅವಳು ಟೈಪು ಮಾಡಿದಳು. ಆಮೇಲೆ ತಿರುಗಿ ನೋಡಿದಳು.

"ನಂಬರುಗಳೂ ಅವ್ರುದೇನಾ ಮೇಡಂ?"

"ಅಲ್ಲ. ಅವು ನಮ್ಮಪ್ಪನವು" ಎಂದೆ. "ಸಾಲಾಗಿ ಇಡದೇ ಇದ್ದವಳು ನಾನು."

ಚಂದನ ಅದನ್ನೂ ಟೈಪು ಮಾಡಬೇಕೇ ಎಂಬಂತೆ ಕೈಯನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡೇ ಕಾದಳು. ಬಾಗಿಲಲ್ಲಿ ಮುಂದಿನವನು ಚಪ್ಪಲಿ ಬಿಡುತ್ತಿದ್ದ.

"ಹಾಕು" ಎಂದೆ. "ನಂದಿನಿ ಅಂತ."